ಕಾಗುಣಿತ ಮಾತ್ರ ನೋಡಿ, ಟೀಚರ್

ನಮ್ಮೂರಿನ ಅಮ್ಮನವರ ದೇವಸ್ಥಾನದ ಕಮಿಟಿಗೆ ಒಂದು ಫೋನ್ ಗ್ರೂಪ್ ಇದೆ. ಊರಿನ ಪ್ರತಿ ಮನೆಯಿಂದ ಒಬ್ಬರಾದರೂ ಅದರಲ್ಲಿದ್ದಾರೆ. ಬೆಳಗ್ಗೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಕಳೆದುಹೋದ ಕರುವಿನ ಫೋಟೋ, ಸಂಜೆ ಶಿಡ್ಲಘಟ್ಟದ ರೇಷ್ಮೆಗೂಡಿನ ರೇಟು, ಹೀಗೆ ಅದು ದಿನವಿಡೀ ಟಿಂಗ್ ಎನ್ನುತ್ತಲೇ ಇರುತ್ತದೆ. ನಡುನಡುವೆ ದೇವಸ್ಥಾನದ ವಿಷಯವೂ ಬರುತ್ತದೆ. ದೇವಸ್ಥಾನದ ವಿಷಯ ಬಂದರೆ ಅದು ಮೊದಲು ನನ್ನ ಫೋನಿಗೆ ಬಂದು, ನನ್ನಿಂದ ತಿದ್ದಿಸಿಕೊಂಡು ಆಮೇಲೆ ಊರಿಗೆ ಹೋಗಬೇಕು ಎಂಬುದು ನಾನೇ ಜಗಳವಾಡಿ ತಂದ ಏರ್ಪಾಡು.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಕನ್ನಡ ಕಲಿಸಿದವಳು. ಹುಟ್ಟಿದ್ದು ಚಿಕ್ಕಬಳ್ಳಾಪುರದಲ್ಲಿ. ಕೆಲಸಕ್ಕೆಂದು ಗೌರಿಬಿದನೂರು ತಾಲ್ಲೂಕಿನ ಈ ಊರಿಗೆ ಬಂದು ಒಂದು ಬಾಡಿಗೆ ಮನೆ ಹಿಡಿದೆ. ನಿವೃತ್ತಿಯಾಗಿ ಮೂರು ವರ್ಷ ಕಳೆದರೂ ಅದೇ ಮನೆಯಲ್ಲಿದ್ದೇನೆ. ಮದುವೆಯಾಗಲಿಲ್ಲ. ಬಂದ ಜಾತಕಗಳಲ್ಲಿ ಒಂದರಲ್ಲೂ ಕಾಗುಣಿತ ಸರಿಯಿರಲಿಲ್ಲ ಎಂದು ನನ್ನ ತಂಗಿ ಎಲ್ಲರಿಗೂ ಹೇಳಿಕೊಂಡು ನಗುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ. ಊರಿನವರು ನನ್ನನ್ನು ಗುರುತಿಸುವುದು ‘ಬಾಡಿಗೆ ಮನೆ ಟೀಚರು’ ಎಂದು. ಇಷ್ಟು ವರ್ಷವಾದ ಮೇಲೂ ಆ ಬಾಡಿಗೆ ನನ್ನ ಹೆಸರಿನಿಂದ ಬಿಟ್ಟುಹೋಗಿರಲಿಲ್ಲ. ನನಗೆ ಒಳಗೊಳಗೆ ಬೇಸರವಾಗುತ್ತಿತ್ತು, ಆದರೆ ತೋರಿಸಿಕೊಳ್ಳುತ್ತಿರಲಿಲ್ಲ.

ಕಮಿಟಿಯ ಕಾರ್ಯದರ್ಶಿ ನನ್ನ ಹಳೆಯ ವಿದ್ಯಾರ್ಥಿ. ಈಗ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ಒಂಬತ್ತನೇ ತರಗತಿಯಲ್ಲಿ ಅವನ ಒತ್ತಕ್ಷರಗಳನ್ನು ತಿದ್ದಿ ತಿದ್ದಿ ನನ್ನ ಕೆಂಪು ಪೆನ್ನುಗಳು ಖಾಲಿಯಾಗಿದ್ದವು. ಈಗ ಅವನು ಬೆರಳಿನಿಂದ ಬರೆಯುವುದೂ ಇಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡುತ್ತಾನೆ, ಫೋನು ತನಗೆ ತೋಚಿದ್ದನ್ನು ಬರೆದುಕೊಳ್ಳುತ್ತದೆ. ಒಮ್ಮೆ ‘ಪ್ರಸಾದ ವಿನಿಯೋಗ’ ಎಂದು ಹೇಳಿದ್ದು ‘ಪ್ರಸಾದ ವಿನಾಯಕ’ ಎಂದಾಗಿ ಊರಿಗೆಲ್ಲ ಹೋಯಿತು. ಆ ವಿನಾಯಕ ಯಾರು, ಕಮಿಟಿಗೆ ಹೊಸದಾಗಿ ಸೇರಿದವನಾ ಎಂದು ಇಬ್ಬರು ಗ್ರೂಪಿನಲ್ಲೇ ವಿಚಾರಿಸಿದರು. ನಾನು ಅವನನ್ನು ಮನೆಗೆ ಕರೆಸಿ ಚೆನ್ನಾಗಿ ಬೈದೆ. ಅಂದಿನಿಂದ ಪ್ರತಿ ಪ್ರಕಟಣೆಯೂ ನನ್ನ ಫೋನಿಗೆ ಬರುತ್ತದೆ, ಕೆಳಗೆ ತಪ್ಪದೆ ಒಂದು ಸಾಲು ಇರುತ್ತದೆ: ‘ಕಾಗುಣಿತ ಮಾತ್ರ ನೋಡಿ ಟೀಚರ್’.

ಆ ‘ಮಾತ್ರ’ ಎಂಬ ಪದವನ್ನು ನಾನು ಎಂದೂ ಗಮನಕ್ಕೆ ತೆಗೆದುಕೊಂಡಿರಲಿಲ್ಲ.

ಹೋದ ವರ್ಷದ ದೀಪದ ಸಮಯ. ದೀಪವೆಂದರೆ ನಮ್ಮ ಕಡೆ ಊರ ಅಮ್ಮನಿಗೆ ಮಾಡುವ ಹಬ್ಬ. ಹೆಂಗಸರು ಅಕ್ಕಿಹಿಟ್ಟು ಬೆಲ್ಲ ಕಲಸಿ ತಂಬಿಟ್ಟು ಮಾಡಿ, ಅದರಲ್ಲಿ ಗುಂಡಿ ತೋಡಿ ತುಪ್ಪದ ಬತ್ತಿ ಹಚ್ಚಿ, ತಟ್ಟೆಯನ್ನು ಹೂವಿನಿಂದ ಸಿಂಗರಿಸಿ ತಲೆಯ ಮೇಲೆ ಹೊತ್ತು ಸಾಲಾಗಿ ದೇವಸ್ಥಾನಕ್ಕೆ ಹೋಗುತ್ತಾರೆ. ಒಂದು ಸೋಮವಾರ ಮಧ್ಯಾಹ್ನ ನಾನು ಊಟ ಮುಗಿಸಿ ಕೂತಿದ್ದಾಗ ಕಾರ್ಯದರ್ಶಿಯ ಸಂದೇಶ ಬಂತು. ಅದು ಹೀಗಿತ್ತು:

‘ಊರಿನ ಎಲ್ಲಾ ಬಕ್ತಾದಿಗಳಿಗೆ ತಿಳಿಸುವುದೇನೆಂದರೆ ಮುಂದಿನ ವಾರದ ಮಂಗಳವಾರ ಅಮ್ಮನವರ ದೀಪ ಮಾಡೋಣ ಅಂತ ಕಮಿಟಿ ಯೋಚನೆ ಮಾಡಿದೆ. ಯಾರಿಗಾದ್ರು ಅಡಚಣೆ ಇದ್ರೆ ಬುದವಾರದ ಒಳಗೆ ತಿಳಿಸಿ. ಇಲ್ಲಾ ಅಂದ್ರೆ ಅದರ ಮುಂದಿನ ಮಂಗಳವಾರ ನೋಡೋಣ.’

ಬಕ್ತಾದಿಗಳ ತಲೆಗೆ ಮಹಾಪ್ರಾಣ ಕೊಟ್ಟೆ. ಬುಧವಾರಕ್ಕೂ ಕೊಟ್ಟೆ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ಅದನ್ನು ಓದಿಕೊಂಡರೆ ನನಗೆ ಸಮಾಧಾನವಾಗಲಿಲ್ಲ. ಇದೆಂಥ ಪ್ರಕಟಣೆ? ಮಾಡೋಣ ಅಂತೆ, ಯೋಚನೆ ಅಂತೆ, ನೋಡೋಣ ಅಂತೆ. ದೇವರ ಕೆಲಸದ ಪ್ರಕಟಣೆ ಹೀಗೆ ಅನುಮಾನಿಸುತ್ತ ನಿಂತರೆ ಯಾರು ಲೆಕ್ಕಕ್ಕೆ ಇಡುತ್ತಾರೆ? ಕನ್ನಡಕ ಒರೆಸಿಕೊಂಡು ಇಪ್ಪತ್ತು ನಿಮಿಷ ಕೂತು ಇದನ್ನು ಬರೆದೆ:

‘ಗ್ರಾಮದ ಸಮಸ್ತ ಸದ್ಭಕ್ತರಲ್ಲಿ ವಿನಂತಿ. ಮುಂದಿನ ವಾರದ ಮಂಗಳವಾರ ಸಂಜೆ ಅಮ್ಮನವರ ದೀಪೋತ್ಸವವನ್ನು ನೆರವೇರಿಸಲು ಕಮಿಟಿಯು ನಿಶ್ಚಯಿಸಿದೆ. ಇಂದಿನಿಂದಲೇ ಊರಿಗೆ ಸಾರು ಬಿದ್ದಿದೆಯೆಂದು ತಿಳಿದು, ಯಾರೂ ಒಗ್ಗರಣೆ ಹಾಕದೆ, ಊರು ಬಿಟ್ಟು ರಾತ್ರಿ ಹೊರಗೆ ತಂಗದೆ, ನಿಯಮದಂತೆ ನಡೆದುಕೊಂಡು ಅಮ್ಮನವರ ಕೃಪೆಗೆ ಪಾತ್ರರಾಗಬೇಕು.’

ಈ ಸಾರು ಅನ್ನಕ್ಕೆ ಕಲಸುವ ಸಾರಲ್ಲ. ಹಬ್ಬದ ದಿನ ಗೊತ್ತಾದ ಮೇಲೆ ತಮಟೆ ಹೊಡೆದು ಊರಿಗೆ ಸಾರಿ ಹೇಳುವುದು. ಒಮ್ಮೆ ಸಾರು ಬಿದ್ದರೆ ದೀಪ ಮುಗಿಯುವವರೆಗೂ ಊರಿನಲ್ಲಿ ಯಾರೂ ಒಗ್ಗರಣೆ ಹಾಕುವಂತಿಲ್ಲ, ಯಾರೂ ಬೇರೆ ಊರಿನಲ್ಲಿ ರಾತ್ರಿ ಉಳಿಯುವಂತಿಲ್ಲ. ಇವೆಲ್ಲ ನನಗೆ ಗೊತ್ತಿತ್ತು, ಆದರೆ ಶಾಲೆಯ ಪಾಠದಂತೆ ಗೊತ್ತಿತ್ತು. ಪ್ರತಿ ವರ್ಷ ದೀಪದ ವಾರಕ್ಕೆ ನಾನು ಚಿಕ್ಕಬಳ್ಳಾಪುರದ ತಂಗಿಯ ಮನೆಗೆ ಹೋಗಿಬಿಡುತ್ತಿದ್ದೆ. ತಮಟೆ ಸದ್ದಿಗೆ ತಲೆನೋವು ಬರುತ್ತದೆಂದು ನೆಪ. ಬಾಡಿಗೆ ಮನೆಯವಳಿಗೆ ನಿಯಮವೇನು ಎಂದು ನನ್ನ ಎಣಿಕೆ. ಹೀಗಾಗಿ ಆ ಸಾಲನ್ನು ನಾನು ಸೇರಿಸಿದ್ದು ಪ್ರಕಟಣೆಗೆ ಒಂದು ಗಾಂಭೀರ್ಯ ಇರಲಿ ಎಂದು ಅಷ್ಟೆ.

ಕಾರ್ಯದರ್ಶಿಗೆ ಕಳಿಸಿದೆ. ಅವನು ಆಗ ಫ್ಯಾಕ್ಟರಿಯಲ್ಲಿ ಟೀ ಬಿಡುವಿನಲ್ಲಿದ್ದ. ಟೀಚರ್ ನೋಡಿದ್ದಾರೆ ಎಂದ ಮೇಲೆ ಮತ್ತೇನು ಓದುವುದು ಎಂದು, ಓದದೆಯೇ ಊರಿನ ಗ್ರೂಪಿಗೆ ದಾಟಿಸಿಬಿಟ್ಟ.

ಸಂಜೆ ಆರರ ಹೊತ್ತಿಗೆ ನನಗೆ ಏನೋ ಕೊರತೆಯಾದಂತೆ ಅನ್ನಿಸಿತು. ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಸಾಸಿವೆ ಸಿಡಿಯುವ ಸದ್ದು, ಕರಿಬೇವಿನ ಘಮ, ಒಣಮೆಣಸಿನಕಾಯಿ ಘಾಟಿಗೆ ಯಾರಾದರೂ ಸೀನುವುದು, ಇವೆಲ್ಲ ಇರಲೇಬೇಕು. ಅಂದು ಒಂದೂ ಇಲ್ಲ. ಹೊರಗೆ ಬಂದು ನೋಡಿದರೆ ತಿರುವಿನ ಹೋಟೆಲಿನವನು ಚಿತ್ರಾನ್ನದ ಬಾಣಲೆಯನ್ನು ತೊಳೆದು ಮಗುಚಿ ಹಾಕಿದ್ದ.

“ಯಾಕಪ್ಪ, ಇವತ್ತು ಏನೂ ಮಾಡ್ಲಿಲ್ವಾ?” ಎಂದೆ.

“ನೀವೇ ಬರ್ದಿದೀರಂತಲ್ಲ ಟೀಚರ್, ಸಾರು ಬಿದ್ದೈತೆ ಅಂತ. ಇನ್ನು ದೀಪ ಆಗೋವರ್ಗೂ ಬರೀ ಇಡ್ಲಿನೇ.”

ನನಗೆ ಹೆಮ್ಮೆಯಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಿಜವಾಗಿಯೂ ಹೆಮ್ಮೆಯಾಯಿತು. ಇಪ್ಪತ್ತೇಳು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡರೂ ನನ್ನ ಒಂದು ವಾಕ್ಯಕ್ಕೆ ಇಷ್ಟು ವಿಧೇಯತೆ ಸಿಕ್ಕಿರಲಿಲ್ಲ. ಒಳಗೆ ಬಂದು ಒಗ್ಗರಣೆಯಿಲ್ಲದ ಮೊಸರನ್ನ ಉಂಡು ಮಲಗಿದೆ.

ಮರುದಿನ ಬೆಳಗ್ಗೆ ಏಳಕ್ಕೆ ಕಾರ್ಯದರ್ಶಿ ಬಂದ. ಕೆಲಸಕ್ಕೆ ಹೊರಟ ಫ್ಯಾಕ್ಟರಿಯ ಬಟ್ಟೆಯಲ್ಲೇ ಇದ್ದ, ಮುಖ ಬಾಡಿತ್ತು.

“ಟೀಚರ್, ನಾನು ನಿಮ್ಗೆ ಕಾಗುಣಿತ ಮಾತ್ರ ನೋಡಿ ಅಂದಿದ್ದೆ ಅಲ್ವಾ?”

“ನೋಡಿದೀನಿ ಕಣಪ್ಪ. ಏನು, ಎಲ್ಲಾದ್ರೂ ತಪ್ಪು ಉಳ್ಕೊಂಡಿತ್ತಾ?”

“ತಪ್ಪು ಒಂದೂ ಇಲ್ಲ. ಅದೇ ಕಷ್ಟ ಆಗಿರೋದು. ನಾನು ಊರೋರ್ನ ಕೇಳೋಣ ಅಂತ ಬರ್ದಿದ್ದೆ. ನೀವು ಸಾರೇ ಹಾಕ್ಬಿಟ್ರಿ.”

ಆಮೇಲೆ ಅವನು ಊರನ್ನು ಕೇಳಬೇಕಾಗಿದ್ದ ಕಾರಣ ಹೇಳಿದ. ಕೇಳುತ್ತ ಕೇಳುತ್ತ ನನ್ನ ಹೆಮ್ಮೆ ಇಳಿದುಹೋಯಿತು.

ನಮ್ಮೂರಿನ ದೀಪದಲ್ಲಿ ಎಲ್ಲರಿಗಿಂತ ಮುಂದೆ ಹೋಗುವುದು ಮೊದಲ ದೀಪ. ಅದನ್ನು ಹೊರುವುದು ಸರದಿಯ ಪ್ರಕಾರ, ವರ್ಷಕ್ಕೆ ಒಂದು ಮನೆ. ಊರಿನ ನಲವತ್ತು ಚಿಲ್ಲರೆ ಮನೆಗಳನ್ನು ಸುತ್ತಿ ಬಂದು ಆ ವರ್ಷ ಸರದಿ ನಿಂತಿದ್ದು ನನ್ನ ಎದುರು ಮನೆಯ ಅಕ್ಕನಿಗೆ. ನನಗಿಂತ ಚಿಕ್ಕವರಾದರೂ ಊರಿಗೆಲ್ಲ ಅವರು ಅಕ್ಕನೇ. ಅಕ್ಕ ಹೊಸ ಸೊಸೆಯಾಗಿ ಬಂದ ವರ್ಷವೇ ಒಮ್ಮೆ ಆ ಮನೆಗೆ ಸರದಿ ಬಂದಿತ್ತಂತೆ. ದೀಪಕ್ಕೆ ಎರಡು ದಿನ ಇರುವಾಗ ಮಾವ ತೀರಿಕೊಂಡು ಸೂತಕವಾಗಿ ದೀಪ ಪಕ್ಕದ ಮನೆಗೆ ಹೋಯಿತು. ಈಗ ಅಕ್ಕನಿಗೆ ಅರವತ್ತು ಹತ್ತಿರ. ಈ ವರ್ಷ ಅವರ ಮನೆಯಲ್ಲಿ ರೇಷ್ಮೆ ಹುಳು ಇದ್ದವು, ನೂರೈವತ್ತು ಮೊಟ್ಟೆಯ ಹುಳು, ಒಂದೊಂದು ಮೊಟ್ಟೆಯ ಲೆಕ್ಕಕ್ಕೆ ನಾನೂರು ಹುಳುವಾದರೂ ಇರುತ್ತವೆ. ನಾಲ್ಕನೇ ಜ್ವರ ಅಂದರೆ ಕೊನೆಯ ನಿದ್ದೆ ಮುಗಿಸಿ ಎದ್ದದ್ದು ಸೋಮವಾರ. ಅಲ್ಲಿಂದ ಏಳೆಂಟು ದಿನ ಸೊಪ್ಪು ತಿಂದರೆ ಹಣ್ಣಾಗಿ ನೂಲು ಸುರಿಸಲು ಸಿದ್ಧವಾಗುತ್ತವೆ. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಸುರುಳಿ ಹೆಣೆದ ಬಿದಿರಿನ ತಟ್ಟೆಗೆ ಬಿಡಬೇಕು. ತಡವಾದರೆ ಹುಳು ಸೊಪ್ಪಿನ ಮೇಲೆಯೇ ನೂಲು ಸುರಿಸಿಬಿಡುತ್ತದೆ, ಗೂಡು ಕೆಡುತ್ತದೆ. ಮೂರು ವಾರ ಮಕ್ಕಳಂತೆ ಸಾಕಿದ್ದೆಲ್ಲ ಆ ಒಂದು ದಿನದ ಕೈಯಲ್ಲಿರುತ್ತದೆ. ಆ ಒಂದು ದಿನ ಸರಿಯಾಗಿ ದೀಪದ ಮಂಗಳವಾರವೇ ಬೀಳುತ್ತಿತ್ತು.

ಮೊದಲ ದೀಪ ಹೊರುವವರು ಅಂದು ಬೆಳಗಿನಿಂದ ಉಪವಾಸವಿದ್ದು, ಮಡಿಯಲ್ಲಿ ತಾವೇ ಅಕ್ಕಿ ಕುಟ್ಟಿ ತಂಬಿಟ್ಟು ಮಾಡಬೇಕು. ಹುಳುವಿನ ಮನೆಗೆ ಕಾಲಿಡುವಂತಿಲ್ಲ. ಅಕ್ಕನ ಯಜಮಾನರಿಗೆ ಮಂಡಿ ನೋವು, ಬಗ್ಗಿ ಏಳುವುದು ಕಷ್ಟ. ಚಿಂತಾಮಣಿಗೆ ಕೊಟ್ಟ ಮಗಳ ಮನೆಯಲ್ಲೂ ಹುಳು. ಹಬ್ಬದ ದಿನ ಕೂಲಿಗೆ ಯಾರೂ ಸಿಗುವುದಿಲ್ಲ. ಅದಕ್ಕೇ ಅಕ್ಕ ಭಾನುವಾರ ಕಾರ್ಯದರ್ಶಿಯ ಹತ್ತಿರ ಹೋಗಿ, ಒಂದು ವಾರ ಮುಂದೆ ಹಾಕಲು ಆಗುತ್ತದಾ ಎಂದು ಕೇಳಿದ್ದರು. ಒಂದು ಮನೆಗಾಗಿ ತಾನೇ ಮುಂದೆ ಹಾಕಿದರೆ ಮಾತು ಬರುತ್ತದೆ, ಊರನ್ನು ಕೇಳಿ ಹಾಕೋಣ ಎಂದು ಅವನು ಆ ಸಂದೇಶ ಬರೆದಿದ್ದ. ಅಡಚಣೆ ಇದ್ದವರು ಹೇಳಿ ಎಂಬ ಸಾಲು ಇದ್ದದ್ದೇ ಅಕ್ಕನಿಗಾಗಿ. ನಾನು ಕಿತ್ತುಹಾಕಿದ್ದು ಅದೇ ಸಾಲನ್ನು.

“ತೆಗೆದುಬಿಡಪ್ಪ ಅದನ್ನ ಗ್ರೂಪಿಂದ. ನನ್ ತಪ್ಪು ಅಂತ ಬರಿ,” ಎಂದೆ.

“ಫೋನಿಂದ ತೆಗೀಬೋದು ಟೀಚರ್. ರಾತ್ರಿ ಇಡೀ ಊರು ಒಗ್ಗರಣೆ ಇಲ್ದಂಗೆ ಉಂಡೈತಲ್ಲ, ಅದ್ನ ಹೆಂಗೆ ತೆಗೆಯೋದು? ನಂಗೇ ಇವತ್ತಿಂದ ನೈಟ್ ಶಿಫ್ಟು ಇತ್ತು. ಸುದ್ದಿ ಗೊತ್ತಾಗಿ ಸೂಪರ್‌ವೈಸರ್ ಕಾಲು ಹಿಡ್ದು ಡೇ ಶಿಫ್ಟಿಗೇ ಹಾಕ್ಸ್ಕೊಂಡಿದೀನಿ.”

ಇಬ್ಬರೂ ತಮಟೆ ತಾತನ ಮನೆಗೆ ಹೋದೆವು. ತಾತ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕಮಿಟಿಯ ಹಿರಿಯ ಸದಸ್ಯರು. ನಮ್ಮೂರಿಗೆ ಸಾರುವುದು ಅವರ ತಮಟೆಯೇ. ಯಾರೂ ಅವರಿಗೆ ಹೊಡಿ ಎಂದು ಹೇಳುವಂತಿಲ್ಲ. ಕಮಿಟಿ ದಿನ ಗೊತ್ತುಮಾಡಿ ತಾಂಬೂಲ ಕೊಟ್ಟು ಕೇಳಿಕೊಳ್ಳಬೇಕು, ಅವರಿಗೆ ಸರಿ ಕಂಡರೆ ತಮಟೆ ಕಾಯಿಸುತ್ತಾರೆ. ಅವರನ್ನು ಕೇಳದೆ ಸಾರು ಬಿದ್ದುಬಿಟ್ಟಿದೆ ಎಂಬುದು ದಾರಿಯಲ್ಲಿ ನನಗೆ ಹೊಳೆಯಿತು.

ತಾತ ಜಗಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದರು. ಗೋಡೆಯ ಗೂಟದಲ್ಲಿ ತಮಟೆ ನೇತಾಡುತ್ತಿತ್ತು.

“ಬನ್ನಿ ಟೀಚರಮ್ಮ. ಅರವತ್ತು ವರ್ಷ ನಮ್ಮಪ್ಪ, ಆಮೇಲೆ ನಾನು ಊರೆಲ್ಲ ಸುತ್ತಿ ಸಾರ್ತಿದ್ವಿ. ನೀವು ಕೂತಲ್ಲೇ ಸಾರ್ಬಿಟ್ರಲ್ಲ,” ಎಂದರು. ನಗುತ್ತಿದ್ದರೋ ಇಲ್ಲವೋ ಮೀಸೆಯಿಂದ ಗೊತ್ತಾಗಲಿಲ್ಲ.

“ತಪ್ಪಾಯ್ತು ತಾತ. ನೀವು ತಮಟೆ ಹೊಡ್ದಿಲ್ಲ, ಆದ್ರಿಂದ ಸಾರು ಬಿದ್ದಿಲ್ಲ ಅಂತ ನೀವು ಒಂದು ಮಾತು ಹೇಳಿದ್ರೆ ಎಲ್ಲಾ ಸರಿಹೋಗುತ್ತೆ,” ಎಂದೆ.

ದಾರಿಯುದ್ದಕ್ಕೂ ನಾನು ಹೊಂದಿಸಿಕೊಂಡು ಬಂದ ವಾದ ಅದು. ಚೆನ್ನಾದ ವಾದ ಎಂದು ನನಗೇ ಅನ್ನಿಸಿತ್ತು. ತಾತ ಪೇಪರು ಮಡಿಸಿ ಪಕ್ಕಕ್ಕಿಟ್ಟರು.

“ಹಂಗೆ ಹೇಳೋಕೆ ನಂಗೂ ಆಸೆ ಐತಮ್ಮ. ನನ್ ತಮಟೆಗೆ ಮರ್ಯಾದೆನೂ ಉಳಿಯುತ್ತೆ. ಆದ್ರೆ ಸಾರು ತಮಟೆಯಾಗೂ ಇಲ್ಲ, ಫೋನಾಗೂ ಇಲ್ಲ. ಊರು ಕೇಳಿ, ನಡ್ಕೊಂಡ್ರೆ ಅದು ಸಾರು. ರಾತ್ರಿ ನಮ್ಮನೇಲಿ ಮೊಮ್ಮಗಳು ಒಗ್ಗರಣೆ ಇಲ್ದಿರೋ ಬೇಳೆಗೆ ಮುಖ ಸಿಂಡರಿಸ್ಕೊಂಡೇ ಉಂಡ್ಳು. ಆ ಮಗೂಗೆ ಅದು ಸುಳ್ಳು ಅಂತ ಈಗ ನಾನು ಹೇಳ್ಲಾ?”

ಶಾಲೆಯಲ್ಲಿ ಇಷ್ಟು ಚೆನ್ನಾಗಿ ಉತ್ತರಿಸಿದವರಿಗೆ ನಾನು ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ಫೋನ್ ಇಲ್ಲದವರಿಗೂ ತಿಳಿಯಬೇಕಲ್ಲ ಎಂದು ತಾತ ಆ ಸಂಜೆಯೇ ತಮಟೆ ಕಾಯಿಸಿ ಊರು ಸುತ್ತಿ ಬಂದರು. ನನ್ನ ಮನೆ ಮುಂದೆ ಎರಡು ಏಟು ಜಾಸ್ತಿ ಹೊಡೆದರೆಂದು ನನಗೆ ಈಗಲೂ ಅನುಮಾನ.

ಅಲ್ಲಿಂದ ಎದುರು ಮನೆಗೆ ಹೋದೆ. ಅಕ್ಕ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆ ಬಿಚ್ಚುತ್ತಿದ್ದರು. ನಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಹೋಗ್ಲಿ ಬಿಡಿ ಟೀಚರ್,” ಎಂದರು ಅಕ್ಕ, ಸೊಪ್ಪಿನಿಂದ ಕಣ್ಣು ತೆಗೆಯದೆ. “ನೀವು ಬೇಕು ಅಂತ ಮಾಡಿದ್ರಾ? ದೀಪ ಪಕ್ಕದ ಮನೆಗೆ ಹೋಗ್ಲಿ. ಈ ಹುಳ ಬಾಯಿಲ್ದಿರೋವು, ಇವನ್ನ ಬಿಡೋಕಾಗಲ್ಲ.”

“ಮುಂದಿನ ಸಲ...” ಎಂದು ಶುರುಮಾಡಿದೆ.

“ಮುಂದಿನ ಸುತ್ತು ಬರೋ ಹೊತ್ಗೆ ನಾನು ಗೋಡೆ ಮೇಲೆ ಫೋಟೋದಾಗೆ ಇರ್ತೀನಿ. ನೀವು ಹೂವಿನ ಹಾರ ಹಾಕಿರಂತೆ,” ಎಂದು ಅಕ್ಕ ನಕ್ಕರು. ನಕ್ಕು, ಸೆರಗಿನಿಂದ ಮೂಗು ಒರೆಸಿಕೊಂಡರು. ತೆರೆದ ಬಾಗಿಲಿನಾಚೆ ಅಟ್ಟದ ಮೇಲೆ ಹಿತ್ತಾಳೆ ತಟ್ಟೆಯೊಂದು ಹುಣಿಸೆಹಣ್ಣಿನಲ್ಲಿ ಬೆಳಗಿಸಿಕೊಂಡು ಥಳಥಳ ಹೊಳೆಯುತ್ತಿತ್ತು. ಹಬ್ಬಕ್ಕೆ ಇನ್ನೂ ಒಂದು ವಾರ ಇರುವಾಗಲೇ ಅದನ್ನು ಬೆಳಗಿಟ್ಟಿದ್ದರು. ಅದನ್ನು ನೋಡಿ ನನಗೆ ಅಳು ಬಂತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ ಕೂಡ.

ಅತ್ತ ಮೇಲೆ ಸಿಟ್ಟು ಬಂತು. ನನಗೆ ಬುದ್ಧಿ ಕೆಲಸ ಮಾಡುವುದು ಸಿಟ್ಟು ಬಂದಾಗಲೇ. ಒಂದು ಸಂದೇಶದಿಂದ ಊರಿನ ಒಲೆಗಳೆಲ್ಲ ಸುಮ್ಮನಾಗುವುದಾದರೆ, ಇನ್ನೊಂದು ಸಂದೇಶದಿಂದ ಹತ್ತು ಕೈ ಸೇರುವುದಿಲ್ಲವೇ? ಫೋನ್ ತೆಗೆದು ಗ್ರೂಪಿಗೆ ನಾನೇ ಬರೆದೆ. ಸೋಮವಾರದ ಪ್ರಕಟಣೆಯಲ್ಲಿ ಕಮಿಟಿ ಹೇಳದ್ದನ್ನು ನಾನು ಸೇರಿಸಿದೆ, ಅದರಿಂದ ಎದುರು ಮನೆ ಅಕ್ಕನ ಮೊದಲ ದೀಪ ತಪ್ಪುವಂತಾಗಿದೆ, ದೀಪದ ದಿನ ಅವರ ಹುಳು ಹಣ್ಣಾಗುತ್ತವೆ, ಆಯಲು ಬರುವವರು ಬನ್ನಿ, ನಾನೂ ಇರುತ್ತೇನೆ ಎಂದು. ತಿರುಗಿ ಓದದೆ ಕಳಿಸಿಬಿಟ್ಟೆ. ಐದು ನಿಮಿಷದಲ್ಲಿ ಕಾರ್ಯದರ್ಶಿಯಿಂದ ನನಗೆ ಪ್ರತ್ಯೇಕವಾಗಿ ಒಂದು ಸಂದೇಶ ಬಂತು: ‘ಟೀಚರ್, ಆರು ಕಡೆ ಕಾಗುಣಿತ ತಪ್ಪಿದೆ. ನಾನು ಏನೂ ಅನ್ನಲ್ಲ.’

ಗ್ರೂಪಿನಲ್ಲಿ ಆ ಸಂಜೆ ಯಾರೂ ಏನೂ ಬರೆಯಲಿಲ್ಲ. ಒಂದು ಹೆಬ್ಬೆರಳು ಕೂಡ ಬರಲಿಲ್ಲ. ಮರುದಿನವೂ ಇಲ್ಲ. ಬಾಡಿಗೆ ಮನೆ ಟೀಚರಿನ ಮಾತಿಗೆ ಇಷ್ಟೇ ಬೆಲೆ ಎಂದು ಮನಸ್ಸು ಕಹಿಯಾಯಿತು. ತಂಗಿಗೆ ಫೋನ್ ಮಾಡಿ ಈ ಸಲ ಬರುವುದಿಲ್ಲ, ಸಾರು ಬಿದ್ದಿದೆ, ಊರು ಬಿಟ್ಟು ತಂಗುವಂತಿಲ್ಲ ಎಂದೆ.

“ಯಾರು ಹಾಕಿದ್ದೇ ಸಾರು?” ಎಂದಳು.

“ನಾನೇ,” ಎಂದೆ. ಅವಳು ನಗು ನಿಲ್ಲಿಸುವವರೆಗೆ ಕಾದು ಫೋನ್ ಇಟ್ಟೆ.

ಗ್ರೂಪಿನಲ್ಲಿ ಉತ್ತರ ಯಾಕೆ ಬರಲಿಲ್ಲ ಎಂಬುದು ಗುರುವಾರ ಬಾವಿಕಟ್ಟೆಯ ಹತ್ತಿರ ಗೊತ್ತಾಯಿತು. ಉತ್ತರಗಳೆಲ್ಲ ಅಕ್ಕನ ಅಂಗಳಕ್ಕೇ ಹೋಗಿದ್ದವು. ಒಬ್ಬೊಬ್ಬರೇ ಬಂದು, ಹಾಲು ಹಾಕಿ ಬರುವಾಗ ಒಂದು ನಿಮಿಷ ನಿಂತು, ಬರ್ತೀವಿ ಕಣಕ್ಕ ಎಂದು ಹೇಳಿ ಹೋಗಿದ್ದರು. ಇಂಥ ಮಾತನ್ನು ಫೋನಿನಲ್ಲಿ ಹೇಳುವುದು ನಮ್ಮೂರಿನಲ್ಲಿ ಮರ್ಯಾದೆಯಲ್ಲವಂತೆ. ಇದೂ ನನಗೆ ಗೊತ್ತಿರಲಿಲ್ಲ. ಅಕ್ಕ ಮಾತ್ರ ಒಂದು ಷರತ್ತು ಹಾಕಿದ್ದರು. ಹುಳುವಿನ ಮನೆಗೆ ಹೊರಗಿನವರ ಕಾಲಿನಿಂದ ರೋಗ ಬರುತ್ತದೆ, ಘಾಟು ವಾಸನೆ ತಾಗಿದರೆ ಹುಳು ಬಾಡುತ್ತದೆ. ಆದ್ದರಿಂದ ಎಲ್ಲರೂ ಹಬ್ಬದ ಅಲಂಕಾರಕ್ಕೆ ಮುಂಚೆ ಬರಬೇಕು. ಹೂವಿಲ್ಲ, ಪೌಡರಿಲ್ಲ, ಸೆಂಟಿಲ್ಲ, ಊದಿನಕಡ್ಡಿ ಹಚ್ಚಿದ ಕೈಯಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲದ್ದಿ ಒಳಗೆ ಬರಬೇಕು.

“ಅದನ್ನ ನೋಡ್ಕೊಳ್ಳೋಕೆ ಟೀಚರ್ ಇರ್ಲಿ,” ಎಂದರಂತೆ ಅಕ್ಕ. “ತಪ್ಪು ಹುಡುಕೋದ್ರಾಗೆ ಅವರ್ನ ಮೀರ್ಸೋರಿಲ್ಲ.”

ಮಂಗಳವಾರ ಬೆಳಕು ಹರಿಯುತ್ತಲೇ ನಾನು ಬಾಗಿಲಲ್ಲಿ ನಿಂತೆ. ಹದಿನಾಲ್ಕು ಜನ ಬಂದರು. ಒಬ್ಬಳ ಜಡೆಯಲ್ಲಿ ಕನಕಾಂಬರ ಇತ್ತು, ತೆಗೆಸಿದೆ. ಒಬ್ಬಳು ಮುಖಕ್ಕೆ ಪೌಡರ್ ಹಾಕಿಲ್ಲ ಎಂದು ಆಣೆ ಇಟ್ಟಳು. ಹತ್ತನೇ ತರಗತಿಯಲ್ಲೂ ಅವಳು ಹೋಂವರ್ಕ್ ಮಾಡಿದ್ದೇನೆಂದು ಹೀಗೆಯೇ ಆಣೆ ಇಡುತ್ತಿದ್ದಳು. ಮುಖ ತೊಳೆಸಿ ಕಳಿಸಿದೆ. ಕಾರ್ಯದರ್ಶಿ ರಜೆ ಹಾಕಿ ಬಂದಿದ್ದ. ಅವನ ಅಂಗಿಯಿಂದ ಬರುತ್ತಿದ್ದ ಸೆಂಟಿನ ವಾಸನೆಗೆ ಅಂಗಿಯನ್ನೇ ಬಿಚ್ಚಿಸಿ ಬನಿಯನ್ನಿನಲ್ಲಿ ಒಳಗೆ ಬಿಟ್ಟೆ. ತಮಟೆ ತಾತ ಯಾವ ತಪ್ಪೂ ಸಿಗದಂತೆ ಬಂದು, ಕಾಲದ್ದಿ, ನನ್ನನ್ನು ನೋಡಿ ಮೀಸೆಯಡಿ ನಕ್ಕು ಒಳಗೆ ಹೋದರು.

ಕೊನೆಗೆ ನಾನೂ ಹೋದೆ. ಹುಟ್ಟಿದಾಗಿನಿಂದ ರೇಷ್ಮೆಯ ನಾಡಿನಲ್ಲಿದ್ದು ನಾನು ಒಂದು ಹುಳುವನ್ನೂ ಮುಟ್ಟಿದವಳಲ್ಲ. ನೋಡಿದರೆ ಮೈ ಜುಮ್ಮೆನ್ನುತ್ತಿತ್ತು. ಅಕ್ಕನ ಯಜಮಾನರು ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟರು.

“ಸೊಪ್ಪು ಬಿಟ್ಟು ತಲೆ ಎತ್ತಿ ಹುಡುಕ್ತಿರುತ್ತೆ ನೋಡಿ, ಮೈ ಹಳದಿಗಾಗಿ ಬೆಳಕು ತೂರೋ ಹಂಗಿರುತ್ತೆ. ಅದು ಹಣ್ಣು. ಬಿಳೀಗಿರೋದು ಇನ್ನೂ ಕಾಯಿ, ಅದನ್ನ ತಿನ್ನೋಕೆ ಬಿಡಿ. ಮೆತ್ತಗೆ ಎತ್ತಿ.”

ಕಣ್ಣುಮುಚ್ಚಿ ಒಂದನ್ನು ಎತ್ತಿದೆ. ಅಂಗೈಯಲ್ಲಿ ತಣ್ಣಗೆ, ಮೆತ್ತಗೆ ಇತ್ತು. ತಲೆಯೆತ್ತಿ ಅತ್ತಿತ್ತ ಆಡಿಸುತ್ತ ಜಾಗ ಹುಡುಕುತ್ತಿತ್ತು. ಚಂದ್ರಿಕೆಯ ಮೇಲೆ ಬಿಟ್ಟ ಕೂಡಲೆ ಸುರುಳಿಯ ಸಂದಿಯಲ್ಲಿ ಸೇರಿಕೊಂಡು ಕೆಲಸಕ್ಕೆ ಶುರುಮಾಡಿತು. ಆಮೇಲೆ ನನಗೆ ಭಯವಾಗಲಿಲ್ಲ. ಹಣ್ಣು ಯಾವುದು ಕಾಯಿ ಯಾವುದು ಎಂದು ಆರಿಸುವುದು ಉತ್ತರಪತ್ರಿಕೆ ತಿದ್ದಿದ ಕೈಗೆ ಒಗ್ಗುವ ಕೆಲಸ. ಒಂಬತ್ತರ ಹೊತ್ತಿಗೆ ನಾನು ಕಾರ್ಯದರ್ಶಿ ಆಯ್ದ ತಟ್ಟೆಯಿಂದ ನಾಲ್ಕು ಕಾಯಿ ಹುಳು ಹುಡುಕಿ ಅವನಿಗೆ ವಾಪಸ್ ಕೊಟ್ಟೆ. ಗೋಡೆಯ ಆಚೆ ಅಕ್ಕ ಅಕ್ಕಿ ಕುಟ್ಟುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಆ ಸದ್ದು ಕೇಳುತ್ತ ಕೆಲಸ ಮಾಡುವುದು ನನಗೆ ತುಂಬಾ ಸುಖವೆನಿಸಿತು. ಮಧ್ಯಾಹ್ನ ಎರಡಕ್ಕೆ ಹಣ್ಣಾದವೆಲ್ಲ ಚಂದ್ರಿಕೆ ಹತ್ತಿದ್ದವು. ಹಿಂದುಳಿದ ಕೆಲವನ್ನು ನಾವು ನೋಡಿಕೊಳ್ಳುತ್ತೇವೆಂದು ಇಬ್ಬರು ಉಳಿದರು. ಮಿಕ್ಕವರೆಲ್ಲ ಸ್ನಾನಕ್ಕೆ ಓಡಿದರು.

ಸಂಜೆ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ನನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಕ್ಕನ ಅಂಗಳದಲ್ಲಿ ಹೆಂಗಸರೆಲ್ಲ ದೀಪದ ತಟ್ಟೆಯೊಂದಿಗೆ ಸೇರಿದ್ದರು. ಅಕ್ಕ ಹಸಿರು ರೇಷ್ಮೆ ಸೀರೆಯಲ್ಲಿ, ಒದ್ದೆ ಕೂದಲಿನಲ್ಲಿ, ತಟ್ಟೆಯ ಮುಂದೆ ಮಣೆಯ ಮೇಲೆ ಕೂತಿದ್ದರು. ತಂಬಿಟ್ಟಿನ ಮೇಲೆ ದೀಪ ಉರಿಯುತ್ತಿತ್ತು. ತಾತನ ತಮಟೆ ಶುರುವಾಗಬೇಕು, ಆದರೆ ಯಾರೂ ಏಳುತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಮತ್ತೇನು ತಪ್ಪು ಮಾಡಿದೆನೋ ಎಂದುಕೊಂಡೆ.

“ಟೀಚರ್, ಯಾಕೆ ಅಲ್ಲೇ ನಿಂತಿದೀರ?” ಎಂದರು ಅಕ್ಕ. “ಬಂದು ಎತ್ತಿಕೊಡಿ.”

ಮೊದಲ ದೀಪವನ್ನು ಹೊರುವವರು ತಾವೇ ಎತ್ತಿಕೊಳ್ಳುವಂತಿಲ್ಲವಂತೆ. ಎದುರು ಮನೆಯವರು ಎತ್ತಿ ತಲೆಗೆ ಇಡಬೇಕಂತೆ.

“ನಂದು ಬಾಡಿಗೆ ಮನೆ ಅಲ್ವಾ ಅಕ್ಕ?” ಎಂದೆ.

“ಎದುರು ಮನೆ ಎದುರಿಗೇ ತಾನೇ ಇರೋದು? ಅಮ್ಮಂಗೆ ಬಾಡಿಗೆ ಕರಾರು ತೋರ್ಸ್ಬೇಕಾ? ಬೇಗ ಬನ್ನಿ, ತುಪ್ಪ ತೀರುತ್ತೆ.”

ಚಪ್ಪಲಿ ಬಿಟ್ಟು ರಸ್ತೆ ದಾಟಿದೆ. ತಟ್ಟೆ ನಾನು ಎಣಿಸಿದ್ದಕ್ಕಿಂತ ಭಾರವಿತ್ತು. ಎತ್ತಿ ಅಕ್ಕನ ತಲೆಯ ಬಟ್ಟೆಯ ಸಿಂಬಿಯ ಮೇಲೆ ಇಟ್ಟೆ. ಅಕ್ಕನ ಎರಡು ಕೈಗಳು ಬಂದು ತಟ್ಟೆಯನ್ನು ಹಿಡಿಯುವವರೆಗೆ ನಾನು ಬಿಡಲಿಲ್ಲ. ತಮಟೆ ಶುರುವಾಯಿತು. ನನಗೆ ತಲೆನೋವು ಬರಲಿಲ್ಲ.

ಮರುದಿನ ಇಡೀ ಬೀದಿಯಲ್ಲಿ ಬೆಳಗ್ಗೆಯೇ ಸಾಸಿವೆ ಸಿಡಿಯಿತು. ಹತ್ತು ಗಂಟೆಗೆ ಕಾರ್ಯದರ್ಶಿಯ ಸಂದೇಶ ಬಂತು, ದೀಪ ಚೆನ್ನಾಗಿ ನಡೆದದ್ದಕ್ಕೆ ಊರಿಗೆಲ್ಲ ವಂದನೆ ಹೇಳುವ ಪ್ರಕಟಣೆ. ಕೆಳಗೆ ಎಂದಿನ ಸಾಲು ಇತ್ತು. ಈ ಸಲ ‘ಮಾತ್ರ’ ಎಂಬುದನ್ನು ಎರಡು ಸಲ ಬರೆದಿದ್ದ.

ಕನ್ನಡಕ ಹಾಕಿಕೊಂಡು ಓದಿದೆ. ‘ವಂದನೆ’ ಎಂಬುದು ‘ಒಂದನೆ’ ಆಗಿತ್ತು. ‘ಭಕ್ತಾದಿಗಳು’ ಮತ್ತೆ ಮಹಾಪ್ರಾಣ ಕಳೆದುಕೊಂಡಿದ್ದರು. ನಡುವೆ ಒಂದು ಸಾಲಿತ್ತು: ‘ಮೊದಲ ದೀಪವನ್ನು ಎತ್ತಿ ಕೊಟ್ಟವರು ನಮ್ಮೂರ ಟೀಚರು’.

ನನ್ನ ಬಗ್ಗೆ ಊರಿನ ಗ್ರೂಪಿನಲ್ಲಿ ಹಾಗೆ ಬರೆಯುವುದು ಚೆನ್ನಾಗಿರುವುದಿಲ್ಲ, ಆ ಸಾಲನ್ನು ತೆಗೆಯಬೇಕು ಎಂದು ಬೆರಳು ಅಲ್ಲಿಗೇ ಹೋಯಿತು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ. ಆಮೇಲೆ ವಂದನೆಯನ್ನು ತಿದ್ದಿದೆ, ಭಕ್ತಾದಿಗಳನ್ನು ತಿದ್ದಿದೆ. ಆ ಸಾಲಿನಲ್ಲಿ ಕಾಗುಣಿತ ಸರಿಯಾಗಿಯೇ ಇತ್ತು. ಹಾಗೆಯೇ ಬಿಟ್ಟು ಕಳಿಸಿದೆ.